ಪತ್ರಿಕೆಯಲ್ಲಿ ಬರೆದರೆ ಅಭಿಪ್ರಾಯ, ಮನೆ ಬಾಗಿಲಲ್ಲಿ ಕೂಗಿದರೆ ಅಪರಾಧ: ಮಿಲ್ ಹೇಳಿದ ಈ ಗೆರೆ ಎಲ್ಲಿದೆ?

ಓದುಗುಳಿ
ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಅವರ 'ಆನ್ ಲಿಬರ್ಟಿ' (1859) ಓದ್ತಾ ಇದೀನಿ. ಮೂಲ ವಾದ ಅರ್ಥ ಆಯ್ತು. ಒಬ್ಬನ ಸ್ವಾತಂತ್ರ್ಯಕ್ಕೆ ಕೈ ಹಾಕಬೇಕು ಅಂದ್ರೆ ಬೇರೆಯವರಿಗೆ ಆಗೋ ಹಾನಿ ತಡೆಯೋದು ಒಂದೇ ಕಾರಣ ಆಗಿರಬೇಕು, 'ನಿನ್ನ ಒಳ್ಳೇದಕ್ಕೇ ಕಣಯ್ಯ' ಅನ್ನೋದು ಸಾಲದು. ಎರಡನೇ ಅಧ್ಯಾಯದಲ್ಲಂತೂ ಇಡೀ ಮನುಕುಲ ಒಂದು ಕಡೆ, ಒಬ್ಬನೇ ಒಬ್ಬ ಇನ್ನೊಂದು ಕಡೆ ಇದ್ದರೂ ಅವನ ಬಾಯಿ ಮುಚ್ಚಿಸೋ ಹಾಗಿಲ್ಲ ಅಂತಾರೆ.

ಆಮೇಲೆ ಮೂರನೇ ಅಧ್ಯಾಯ ಶುರುವಾಗುತ್ತಲೇ ಒಂದು ಉದಾಹರಣೆ ಬರುತ್ತೆ. 'ಜೋಳದ ವ್ಯಾಪಾರಿಗಳು ಬಡವರನ್ನ ಉಪವಾಸ ಕೆಡವೋರು' ಅಂತ ಪತ್ರಿಕೆಯಲ್ಲಿ ಬರೆದರೆ ಯಾರೂ ಅಡ್ಡಿ ಮಾಡಬಾರದು. ಅದೇ ಮಾತನ್ನ ವ್ಯಾಪಾರಿ ಮನೆ ಮುಂದೆ ಸಿಟ್ಟಲ್ಲಿ ಸೇರಿರೋ ಗುಂಪಿಗೆ ಹೇಳಿದರೆ ಶಿಕ್ಷೆ ಕೊಡಬಹುದು. ಮಾತು ಒಂದೇ, ಒಂದು ಅಕ್ಷರ ಬದಲಾಗಿಲ್ಲ. ಹಾಗಾದ್ರೆ ಅಪರಾಧ ಮಾತಲ್ಲಿದೆಯೋ, ಜಾಗದಲ್ಲಿದೆಯೋ? ಬರೆದದ್ದಕ್ಕೆ ಮಾಫಿ, ಬಾಯಲ್ಲಿ ಹೇಳಿದ್ದಕ್ಕೆ ಶಿಕ್ಷೆ ಅಂತಾನಾ? ಈಗ ಫೋನಲ್ಲಿ ಬರೆದದ್ದು ಎರಡೇ ಸೆಕೆಂಡಿಗೆ ಗುಂಪಿನ ಕೈಗೆ ಸೇರುತ್ತೆ. ಅದು ಪತ್ರಿಕೆಯೋ, ಮನೆ ಬಾಗಿಲೋ?

ಸೀದಾಸಾದಾ
ಇದರಲ್ಲೇನು ಕಷ್ಟ? ತುಂಬಿದ ಥಿಯೇಟರಲ್ಲಿ 'ಬೆಂಕಿ ಬೆಂಕಿ' ಅಂತ ಕೂಗಬಾರದು. ಮಿಲ್ ಹೇಳಿದ್ದೂ ಅದೇ. ಮುಗೀತು.

ಗಡಿಬಿಡಿ
ನನಗೆ ಈ ಹೆಲ್ಮೆಟ್ ವಿಷಯದಲ್ಲಿ ಮೊದಲಿಂದಲೂ ತಕರಾರು ಇದೆ. ತಲೆ ನಂದು, ಒಡೆದರೆ ನಂದೇ ಒಡೆಯೋದು. ದಂಡ ಯಾಕೆ ಕಟ್ಟಬೇಕು? ಮಿಲ್ ನನ್ನ ಪಾರ್ಟಿ ಅಂತಾಯ್ತು.

ಓದುಗುಳಿ
@ಗಡಿಬಿಡಿ ಅಣ್ಣ, ಇಲ್ಲಿ ಮಾತಿನ ವಿಷಯ ನಡೀತಿದೆ, ತಲೆ ವಿಷಯ ಅಲ್ಲ 🙂

ಹಳೇಮೇಷ್ಟ್ರು
ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಜೋಳ ಅಲ್ಲ ಕಣಪ್ಪ, ಧಾನ್ಯ. ಆ ಕಾಲದ ಇಂಗ್ಲೆಂಡಿನಲ್ಲಿ 'ಕಾರ್ನ್' ಅಂದರೆ ಗೋಧಿ, ಬಾರ್ಲಿ ಇತ್ಯಾದಿ ಎಲ್ಲ ಕಾಳು. ಆಮದು ಧಾನ್ಯದ ಮೇಲೆ ಸುಂಕ ಹೇರಿದ್ದ ಕಾನೂನುಗಳು ರದ್ದಾದದ್ದು 1846ರಲ್ಲಿ. ಮಿಲ್ ಬರೆಯುವಾಗ ಬ್ರೆಡ್ಡಿನ ಬೆಲೆಯ ಜಗಳ ಜನರ ನೆನಪಿನಲ್ಲಿ ಹಸಿಯಾಗಿಯೇ ಇತ್ತು. ಅವರು ಆ ವ್ಯಾಪಾರಿಯನ್ನು ಸುಮ್ಮನೆ ಆರಿಸಿಕೊಂಡಿಲ್ಲ.

ಈಗ ನಿಮ್ಮ ಪ್ರಶ್ನೆ. ಬರಹಕ್ಕೆ ರಿಯಾಯಿತಿ, ಬಾಯಿಮಾತಿಗೆ ಶಿಕ್ಷೆ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಅದೇ ವಾಕ್ಯದ ಕೊನೆಯವರೆಗೂ ಓದಿ. ಆ ಗುಂಪಿನ ನಡುವೆ ಅದೇ ಮಾತನ್ನು ಭಿತ್ತಿಪತ್ರ ಮಾಡಿ ಹಂಚಿದರೂ ಶಿಕ್ಷೆಗೆ ಅರ್ಹ ಎಂದಿದ್ದಾರೆ. ಭಿತ್ತಿಪತ್ರವೂ ಅಚ್ಚಾದದ್ದೇ ಅಲ್ಲವೇ? ಹಾಗಾಗಿ ಮಾಧ್ಯಮ ಯಾವುದು ಅನ್ನುವುದು ಮುಖ್ಯವಲ್ಲ. ಮಾತು ಬಿದ್ದ ಸಂದರ್ಭ ಅದನ್ನು ಒಂದು ಕೆಟ್ಟ ಕೆಲಸಕ್ಕೆ ನೇರ ಕುಮ್ಮಕ್ಕು ಮಾಡುತ್ತದೆಯೇ ಅನ್ನುವುದನ್ನು ಅವರು ನೋಡುತ್ತಾರೆ.

ಪತ್ರಿಕೆ ಓದುವವನಿಗೆ ಹೊತ್ತಿದೆ. ಮಡಚಿಟ್ಟು ಯೋಚಿಸಬಹುದು. ನಾಳೆ ವ್ಯಾಪಾರಿಯೇ ಉತ್ತರ ಬರೆಯಬಹುದು. ಬಾಗಿಲ ಮುಂದೆ ಕಲ್ಲು ಹಿಡಿದು ನಿಂತವನಿಗೆ ಆ ಹೊತ್ತಿಲ್ಲ. ವ್ಯಾಪಾರಿ ಒಳಗಿಂದ ಏನು ಕೂಗಿದರೂ ಅವನಿಗೆ ಕೇಳಿಸದು. ಮಾತಿಗೆ ಮಾತು ಎದುರಾಗಲು ಜಾಗವೇ ಇಲ್ಲದ ಕಡೆ ಆಡಿದ ಮಾತು ಕೈಗೆ ಹತ್ತಿರ, ಬಾಯಿಗೆ ದೂರ.

ಮೂರನೇಬೆಂಚು
ಅಂದ್ರೆ ವ್ಯಾಪಾರಿ ನಿಜವಾಗ್ಲೂ ಧಾನ್ಯ ಬಚ್ಚಿಟ್ಟಿದ್ರೆ? ನಿಜ ಹೇಳಿದ್ದಕ್ಕೂ ಶಿಕ್ಷೆನಾ ಮೇಷ್ಟ್ರೇ?

ಹಳೇಮೇಷ್ಟ್ರು
ಒಳ್ಳೇ ಪ್ರಶ್ನೆ. ಆ ಮಾತು ನಿಜವೋ ಸುಳ್ಳೋ ಎಂದು ಮಿಲ್ ಅಲ್ಲಿ ಕೇಳುವುದೇ ಇಲ್ಲ. ಸುಳ್ಳಾಗಿದ್ದರೂ ಪತ್ರಿಕೆಯಲ್ಲಿ ಬರಲಿ, ನಿಜವೇ ಆಗಿದ್ದರೂ ಆ ಬಾಗಿಲಲ್ಲಿ ಬೇಡ.

ವಕೀಲಮ್ಮ
@ಸೀದಾಸಾದಾ ಥಿಯೇಟರ್ ಮಾತು ಮಿಲ್ ಅವರದ್ದಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹೋಮ್ಸ್ 1919ರಲ್ಲಿ ಶೆಂಕ್ ಪ್ರಕರಣದಲ್ಲಿ ಬರೆದದ್ದು. ಅದರಲ್ಲಿ 'ತುಂಬಿದ' ಅನ್ನೋ ಪದ ಇಲ್ಲ. 'ಸುಳ್ಳಾಗಿ' ಅನ್ನೋ ಪದ ಇದೆ, ಎಲ್ಲರೂ ಬಿಟ್ಟುಬಿಡೋದು ಅದನ್ನೇ. ನಿಜವಾಗಿ ಬೆಂಕಿ ಬಿದ್ದಿದ್ದರೆ ಕೂಗಲೇಬೇಕಲ್ಲಪ್ಪ!

ಇನ್ನೊಂದು ತಮಾಷೆ ಅಂದ್ರೆ ಆ ಕೇಸಲ್ಲಿ ಥಿಯೇಟರೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಕಡ್ಡಾಯವಾಗಿ ಸೇನೆಗೆ ಸೇರಿಸಿಕೊಳ್ಳೋದನ್ನ ವಿರೋಧಿಸಿ ಕರಪತ್ರ ಅಂಚೆಯಲ್ಲಿ ಕಳಿಸಿದ್ದರು, ಅಷ್ಟೇ. ಅದಕ್ಕೆ ಶಿಕ್ಷೆ ಆಯ್ತು, ಕೋರ್ಟ್ ಸರಿ ಅಂತು. ಬೆಂಕಿ ಅಂತ ಕೂಗೋನ ಉದಾಹರಣೆ ಕೊಟ್ಟು ಜೈಲಿಗೆ ಹಾಕಿದ್ದು ಸರ್ಕಾರವನ್ನ ಟೀಕಿಸಿದವರನ್ನ. ಆ ಸಾಲನ್ನ ಯಾರಾದ್ರೂ ಎತ್ತಿದ ಕೂಡಲೇ ನಾನು ಜಾಗ್ರತೆ ಆಗೋದು ಅದಕ್ಕೇ.

1969ರಲ್ಲಿ ಬ್ರಾಂಡನ್‌ಬರ್ಗ್ ಪ್ರಕರಣದಲ್ಲಿ ಅದೇ ಕೋರ್ಟ್ ಅಳತೆ ಬಿಗಿ ಮಾಡಿತು. ಮಾತಿನ ಗುರಿ ಈಗಿಂದೀಗಲೇ ಕಾನೂನು ಮುರಿಸೋದಾಗಿರಬೇಕು, ಮುರಿಯೋ ಸಂಭವವೂ ನಿಜಕ್ಕೂ ಇರಬೇಕು. ಎರಡೂ ಇದ್ದರೆ ಮಾತ್ರ ಶಿಕ್ಷೆ. ಮಿಲ್ ಅವರ ಧಾನ್ಯದ ವ್ಯಾಪಾರಿ ನೂರ ಹತ್ತು ವರ್ಷ ಆದಮೇಲೆ ಕೋರ್ಟ್ ಮೆಟ್ಟಿಲು ಹತ್ತಿದ ಹಾಗಿದೆ ನೋಡಿ.

ಸೀದಾಸಾದಾ
ಸರಿ, ತಪ್ಪಾಯ್ತು. ಆದ್ರೂ ನನ್ನ ಮಾತಿನ ತಿರುಳು ಸರಿಯಾಗೇ ಇದೆ. ಬೇರೆಯವರಿಗೆ ನೋವಾದ್ರೆ ತಡೀಬೇಕು. ಹಾನಿ ಅಂದ್ರೆ ನೋವು ತಾನೇ?

ಹಳೇಮೇಷ್ಟ್ರು
ಅಲ್ಲ. ನೋವನ್ನೆಲ್ಲ ಹಾನಿಯ ಲೆಕ್ಕಕ್ಕೆ ಹಾಕಿದರೆ ಮಿಲ್ ಬರೆದ ಪುಸ್ತಕವೇ ಬೇಡ. ಧರ್ಮದ ವಿಷಯದಲ್ಲಿ ಬೇರೆ ಮಾತಾಡಿದವನಿಂದ ನಂಬುವವರಿಗೆ ನೋವಾಗುತ್ತದೆ. ಅದನ್ನು ಗೊತ್ತಿದ್ದೇ ಮಿಲ್ ಆ ಮಾತಿಗೆ ರಕ್ಷಣೆ ಕೊಟ್ಟರು. ಇನ್ನೊಂದು ಕಡೆ, ನಿಜವಾದ ನಷ್ಟವಾದರೂ ತಡೆಯಲೇಬೇಕು ಎಂದೇನೂ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ನೀವು ಗೆದ್ದರೆ ಸೋತವನಿಗೆ ನಷ್ಟ. ಅದನ್ನು ಸಮಾಜ ತಡೆಯಬಾರದು ಅಂತ ಐದನೇ ಅಧ್ಯಾಯದಲ್ಲಿ ಅವರೇ ಹೇಳುತ್ತಾರೆ. ಹಾನಿ ಇದೆ ಅಂದರೆ ತಡೆಯಬೇಕೋ ಬೇಡವೋ ಎಂದು ಕೇಳುವುದಕ್ಕೆ ಅನುಮತಿ ಸಿಕ್ಕಿತು, ಅಷ್ಟೇ. ಉತ್ತರ ಇನ್ನೂ ಬಾಕಿ.

ಗಡಿಬಿಡಿ
ಹೆಲ್ಮೆಟ್ ಬಗ್ಗೆ ಯಾರೂ ಮಾತೇ ಆಡ್ತಿಲ್ಲ.

ಗುಂಪಿನಯಜಮಾನಿ
ನಾನು ಓದಿದ್ದು ಕಡಿಮೆ, ಮಿಲ್ ಗೊತ್ತಿಲ್ಲ. ಆದ್ರೆ ಇದನ್ನ ಓದಿ ಎದೆ ಧಸಕ್ ಅಂತು, ಅದಕ್ಕೆ ಬರೀತಿದೀನಿ. ನಮ್ಮ ವಸತಿ ಸಮುಚ್ಚಯದ ಮೆಸೇಜ್ ಗುಂಪಿಗೆ ನಾನೇ ಅಡ್ಮಿನ್. ಕೆಲವು ತಿಂಗಳ ಹಿಂದೆ ಒಂದು ಸಂಜೆ ಹೀಗಾಯ್ತು.

ಒಬ್ಬರ ಮನೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಆದಮೇಲೆ ಒಂದು ಉಂಗುರ ಕಾಣಿಸಲಿಲ್ಲ. 6.40ಕ್ಕೆ ಒಬ್ಬರು ಹಾಕಿದ್ರು: 'ಈ ರಿಪೇರಿ ಜನರೆಲ್ಲ ಕಳ್ಳರೇ, ಒಳಗೆ ಬಿಡಲೇಬಾರದು.' 6.55ಕ್ಕೆ ಇನ್ನೊಬ್ಬರು ಆ ಹುಡುಗನ ಫೋಟೋ ಹಾಕಿ 'ಇವನೇ' ಅಂದ್ರು. ಅದರ ಕೆಳಗೆ ಸಿಟ್ಟಿನ ಮುಖಗಳು ಸಾಲು ಸಾಲು. 7.10ಕ್ಕೆ ಮೂರನೆಯವರು ಒಂದೇ ಸಾಲು: 'ಅವನು ಈಗ ಹಿಂದಿನ ಗೇಟ್ ಹತ್ರ ಇದಾನೆ.'

ನಾನು ಏನು ಮಾಡಿದೆ ಗೊತ್ತಾ? ಮೊದಲನೇ ಮೆಸೇಜ್ ಡಿಲೀಟ್ ಮಾಡಿದೆ. ಒಂದು ಕಸುಬಿನವರನ್ನೆಲ್ಲ ಕಳ್ಳರು ಅಂದದ್ದು ನನಗೆ ಸರಿ ಕಾಣಲಿಲ್ಲ. ಮೂರನೇದನ್ನ ಬಿಟ್ಟೆ. ಅದರಲ್ಲಿ ಬೈಗುಳ ಇಲ್ಲ, ಸುಳ್ಳಿಲ್ಲ, ಅವನು ಅಲ್ಲಿದ್ದದ್ದೂ ನಿಜ. ಐದು ನಿಮಿಷದಲ್ಲಿ ಹತ್ತು ಹದಿನೈದು ಜನ ಗೇಟಿಗೆ ಹೋಗಿದ್ರು. ಹುಡುಗನ ಟೂಲ್ ಬ್ಯಾಗ್ ಕಿತ್ತು ನೆಲಕ್ಕೆ ಸುರಿದ್ರು. ಒಬ್ಬರು ಕೆನ್ನೆಗೆ ಹೊಡೆದೂ ಬಿಟ್ರು. ಕಾವಲುಗಾರರು ಅಡ್ಡ ಬಂದಿದ್ದಕ್ಕೆ ಅಲ್ಲಿಗೇ ನಿಂತಿತು. ಉಂಗುರ ಎರಡು ದಿನ ಬಿಟ್ಟು ಬಟ್ಟೆ ಒಗೆಯೋ ಮೆಷಿನ್ನಿನ ರಬ್ಬರ್ ಸಂದಿಯಲ್ಲಿ ಸಿಕ್ತು.

ಮೂರನೇಬೆಂಚು
ಅಯ್ಯೋ ದೇವ್ರೇ. ಹುಡುಗ ಈಗ ಹೇಗಿದಾನೆ?

ಗುಂಪಿನಯಜಮಾನಿ
ಪೆಟ್ಟೇನೂ ದೊಡ್ಡದಲ್ಲ. ನಮ್ಮ ಕಡೆ ಮತ್ತೆ ಕೆಲಸಕ್ಕೆ ಬರಲಿಲ್ಲ. ನಾನು ಫೋನ್ ಮಾಡಿದ್ರೆ ಎತ್ತಲಿಲ್ಲ.

ಓದುಗುಳಿ
ಅಕ್ಕ, ನಾನು ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಮೂರರಲ್ಲಿ ತೀರಾ ಸಾಧುವಾಗಿ ಕಾಣೋದೇ ಮೂರನೇ ಸಾಲು. ಗುಂಪನ್ನ ಬಾಗಿಲಿಗೆ ಕರೆದದ್ದೂ ಅದೇ.

ಹಳೇಮೇಷ್ಟ್ರು
ಹೌದು. ತಾಯಿ, ನೀವು ಮಾಡಿದ್ದು ಎಲ್ಲರೂ ಮಾಡುವ ತಪ್ಪು, ಬೇಜಾರು ಮಾಡಿಕೊಳ್ಳಬೇಡಿ. ನಾವು ಮಾತಿನ ಖಾರ ನೋಡಿ ಅಪಾಯ ಅಳೆಯುತ್ತೇವೆ. 'ರಿಪೇರಿಯವರೆಲ್ಲ ಕಳ್ಳರು' ಅನ್ನುವುದು ಹೊಲಸು ಅಭಿಪ್ರಾಯ. ಬೇರೆ ದಿನ, ಬೇರೆ ಹೊತ್ತಿನಲ್ಲಿ ಅದಕ್ಕೆ ನೀವೇ 'ನಿಮ್ಮ ಮನೆ ಫ್ಯಾನು ತಿರುಗೋದು ಯಾರಿಂದ?' ಅಂತ ಉತ್ತರ ಕೊಡಬಹುದಿತ್ತು. 'ಈಗ ಗೇಟ್ ಹತ್ರ ಇದಾನೆ' ಅನ್ನುವುದಕ್ಕೆ ಯಾರು ಏನು ಉತ್ತರ ಕೊಡುವುದು? ಅದು ವಾದವೇ ಅಲ್ಲ, ದಾರಿ ತೋರಿಸುವ ಬೆರಳು.

ಹಾಗಂತ ಆ ಸಾಲನ್ನೇ ನಿಷೇಧಿಸುವುದಕ್ಕೂ ಬರುವುದಿಲ್ಲ. ಉಂಗುರದ ಸುದ್ದಿಯೇ ಇಲ್ಲದ ದಿನ, ಫ್ಯಾನು ಕೆಟ್ಟವರು ಯಾರೋ ಕೇಳಿದ್ದರೆ ಅದೇ ಸಾಲು ಉಪಕಾರವಾಗುತ್ತಿತ್ತು. ಯಾವ ಪದಗಳನ್ನು ಅಳಿಸಬೇಕು ಅಂತ ಪಟ್ಟಿ ಮಾಡಿಟ್ಟುಕೊಂಡ ಅಡ್ಮಿನ್ ಆಗಲಿ, ಸರ್ಕಾರವಾಗಲಿ ಎಡವುವುದು ಇಲ್ಲೇ.

ಕಟ್ಟೆಪುರಾಣ
ಮೇಷ್ಟ್ರೇ, ನಾನು ಒಪ್ಪಲ್ಲ. ನೀವು ಮೊದಲನೇ ಮೆಸೇಜನ್ನ ತುಂಬಾ ಸಲೀಸಾಗಿ ಬಿಟ್ಟುಬಿಟ್ರಿ. 6.40ರ ಮಾತು ಇಲ್ಲದೇ ಇದ್ದಿದ್ರೆ 7.10ರ ಸಾಲಿಗೆ ಯಾರೂ ಚಪ್ಪಲಿ ಹಾಕ್ಕೊಂಡು ಇಳೀತಿರಲಿಲ್ಲ. 6.40 ಒಂದೇ ಅಲ್ಲ, ಅದಕ್ಕೂ ಮೊದಲು ಎಷ್ಟು ವರ್ಷದಿಂದ 'ಇವರೆಲ್ಲ ಹೀಗೇ' ಅಂತ ಕಿವಿಗೆ ಬಿದ್ದಿರುತ್ತೆ? ಒಂದೊಂದು ಹನಿಯೂ ಅಭಿಪ್ರಾಯ, ಕೊಡ ತುಂಬಿದ ಮೇಲೆ ಚೆಲ್ಲಿದ್ದು ಮಾತ್ರ ಹಾನಿ ಅಂದ್ರೆ ಹೇಗೆ? ನಮ್ಮಪ್ಪ ಕೈಕೆಲಸದವರು. ಯಾರ ಮನೆಗೆ ಹೋದರೂ ಹೊರಡೋವಾಗ ತಾವಾಗೇ ಬ್ಯಾಗ್ ತೆರೆದು ತೋರಿಸೋರು. ಯಾರೂ ಕೇಳ್ತಿರಲಿಲ್ಲ, ಆದರೂ ತೋರಿಸೋರು. ಅದು ಹಾನಿ ಅಲ್ವಾ? ಯಾವ ಗುಂಪೂ ಬಂದಿರಲಿಲ್ಲ, ಯಾರೂ ಹೊಡೆದಿರಲಿಲ್ಲ.

ಹಳೇಮೇಷ್ಟ್ರು
ಬ್ಯಾಗ್ ತೆರೆದು ತೋರಿಸಿದ್ದು... ಅದಕ್ಕೆ ನನ್ನ ಬಳಿ ಚಟ್ ಅಂತ ಉತ್ತರ ಇಲ್ಲ. ನೀವು ಹೇಳುತ್ತಿರುವುದನ್ನು ಜೆರೆಮಿ ವಾಲ್ಡ್ರನ್ ಎಂಬ ಚಿಂತಕರು 2012ರ ಪುಸ್ತಕದಲ್ಲಿ ವಾದಿಸಿದ್ದಾರೆ. ದ್ವೇಷದ ಮಾತಿನ ಹಾನಿ ಅಂದರೆ ಮನಸ್ಸಿಗೆ ಬೇಸರವಾಯಿತು ಅನ್ನುವುದಲ್ಲ. 'ನಾನೂ ಇಲ್ಲಿ ಎಲ್ಲರಂತೆ ತಲೆ ಎತ್ತಿ ಓಡಾಡಬಹುದು' ಎಂಬ ಭರವಸೆ ಸವೆದು ಹೋಗುತ್ತದೆ, ಅದೇ ಹಾನಿ ಅಂತ. ನಿಮ್ಮ ತಂದೆಯವರ ಬ್ಯಾಗ್ ಅದೇ.

ಆದರೂ ನನ್ನ ಅಳುಕು ಹೋಗಿಲ್ಲ. ಸವೆತ ತಡೆಯಲು ಕಾನೂನು ತಂದರೆ, ಯಾವ ಹನಿ ಎಷ್ಟು ಸವೆಸಿತು ಎಂದು ತೀರ್ಮಾನಿಸುವವರು ಯಾರು? ಶೆಂಕ್ ಕೇಸಿನಲ್ಲಿ ಸರ್ಕಾರ ಹೇಳಿದ್ದೂ ದೂರದ ಹಾನಿಯ ಮಾತನ್ನೇ.

ಕಟ್ಟೆಪುರಾಣ
ತಪ್ಪು ಬಳಕೆ ಆಗುತ್ತೆ ಅನ್ನೋ ಭಯ ಯಾವ ಕಾನೂನಿಗಿಲ್ಲ ಹೇಳಿ. ಆ ಭಯದ ಬೆಲೆ ಯಾವಾಗಲೂ ಬ್ಯಾಗ್ ತೋರಿಸೋರೇ ಯಾಕೆ ಕೊಡಬೇಕು ಅನ್ನೋದಷ್ಟೇ ನಂದು.

ವಕೀಲಮ್ಮ
ನೀವಿಬ್ಬರೂ ಜಗಳ ಆಡ್ತಿರೋ ಈ ವಿಷಯದ ಮೇಲೆ ನಿಜವಾಗ್ಲೂ ಒಂದು ನ್ಯಾಯಮಂಡಳಿ ಕೂತು ತೀರ್ಪು ಕೊಟ್ಟಿದೆ. ತುಂಬಾ ಘೋರವಾದ ಪ್ರಕರಣ, ಗೇಟಿನ ಘಟನೆಗೆ ಹೋಲಿಸ್ತಿಲ್ಲ. ಲೆಕ್ಕಾಚಾರ ಹೇಗೆ ನಡೀತು ಅಂತ ತೋರಿಸೋಕೆ ಹೇಳ್ತಿದೀನಿ.

ರುವಾಂಡದಲ್ಲಿ 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ ಅನ್ನೋ ರೇಡಿಯೋ. ಹಾಡು, ಹರಟೆ, ಅದರ ಜೊತೆಗೆ ಅಲ್ಲಿನ ಅಲ್ಪಸಂಖ್ಯಾತ ಜನಾಂಗವಾದ ಟುಟ್ಸಿಗಳ ಬಗ್ಗೆ ವಿಷ. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷರ ವಿಮಾನ ಹೊಡೆದುರುಳಿಸಿದ ಮೇಲೆ ನರಮೇಧ ಶುರುವಾಯ್ತು. ಯಾರು ಎಲ್ಲಿ ಅಡಗಿದಾರೆ ಅಂತ ಹೆಸರು, ಜಾಗ ಸಮೇತ ಆ ರೇಡಿಯೋದಲ್ಲಿ ಓದಿದ್ರು. 'ಹಿಂದಿನ ಗೇಟ್ ಹತ್ರ ಇದಾನೆ' ಅನ್ನೋ ಥರದ ಮಾತೇ. ಆ ರೇಡಿಯೋ ಕಟ್ಟಿದವರನ್ನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ತಪ್ಪಿತಸ್ಥರು ಅಂತು. ಮೇಲ್ಮನವಿಯ ತೀರ್ಪು 2007ರಲ್ಲಿ ಬಂತು. ಏಪ್ರಿಲ್ 6ರ ನಂತರದ ಪ್ರಸಾರ ಕೊಲೆಗಳಿಗೆ ಗಣನೀಯವಾಗಿ ನೆರವಾಯ್ತು ಅಂತ ಒಪ್ಪಿಕೊಂಡ್ರು. ಅದಕ್ಕೂ ಮೊದಲಿನ ತಿಂಗಳುಗಳ ಪ್ರಸಾರಕ್ಕೂ ಆಮೇಲಿನ ಕೊಲೆಗಳಿಗೂ ಅಷ್ಟು ಸಂಬಂಧ ಸಾಬೀತಾಗಿಲ್ಲ ಅಂದ್ರು. ಅಂದ್ರೆ ಚೆಲ್ಲಿದ ಹನಿ ಲೆಕ್ಕಕ್ಕೆ ಬಂತು, ತುಂಬಿದ ಹನಿಗಳು ಬರಲಿಲ್ಲ.

ಕಾನೂನು ಓದಿದವಳಾಗಿ ನನಗೆ ಅದು ಅರ್ಥ ಆಗುತ್ತೆ. ಸಾಬೀತು ಮಾಡೋಕೆ ಆಗದ್ದಕ್ಕೆ ಶಿಕ್ಷೆ ಕೊಡೋಕೆ ಆಗಲ್ಲ. ಮನುಷ್ಯಳಾಗಿ ಕೇಳಿದ್ರೆ, ಆ ಮೊದಲಿನ ತಿಂಗಳುಗಳು ಇಲ್ಲದೆ ಏಪ್ರಿಲ್ ಆಗ್ತಿತ್ತಾ ಅಂತ ನಂಗೂ ಸಂಶಯ.

ಓದುಗುಳಿ
ಇದು ಗೊತ್ತೇ ಇರಲಿಲ್ಲ. ಮಿಲ್ ಕಡೆಯಿಂದ ಇದಕ್ಕೆ ಏನಾದ್ರೂ ಇದೆಯಾ ಮೇಷ್ಟ್ರೇ? ಮಾತಿಗೂ ಕೃತ್ಯಕ್ಕೂ ಎಷ್ಟು ಸಂಬಂಧ ಇರಬೇಕು ಅನ್ನೋದಕ್ಕೆ?

ಹಳೇಮೇಷ್ಟ್ರು
ಇದೆ, ಎಲ್ಲರೂ ಹಾರಿಸಿಬಿಡುವ ಒಂದು ಅಡಿಟಿಪ್ಪಣಿಯಲ್ಲಿ. ಎರಡನೇ ಅಧ್ಯಾಯದ ಶುರುವಿನಲ್ಲೇ ಸಿಗುತ್ತದೆ ನೋಡಿ. ನಿರಂಕುಶ ದೊರೆಯನ್ನು ಕೊಲ್ಲುವುದು ಸರಿಯೇ ಎಂಬ ಚರ್ಚೆ. ಅದನ್ನು ನೀತಿಯ ಪ್ರಶ್ನೆಯಾಗಿ ಎಷ್ಟು ಬೇಕಾದರೂ ಚರ್ಚಿಸಿ ಎನ್ನುತ್ತಾರೆ. ಕುಮ್ಮಕ್ಕು ಕೊಟ್ಟದ್ದಕ್ಕೆ ಶಿಕ್ಷೆ ಕೊಡಬಹುದು, ಆದರೆ ಯಾವಾಗ? ಅದರ ಹಿಂದೆಯೇ ಒಂದು ಕೃತ್ಯ ನಡೆದಿರಬೇಕು, ಮಾತಿಗೂ ಕೃತ್ಯಕ್ಕೂ ಸಂಬಂಧವಿದ್ದ ಸಂಭವವನ್ನಾದರೂ ತೋರಿಸಬೇಕು. ಇದು ಧಾನ್ಯದ ವ್ಯಾಪಾರಿಯ ಉದಾಹರಣೆಗಿಂತ ಬಿಗಿ. ಅಲ್ಲಿ ಕಲ್ಲು ಬೀಳುವವರೆಗೆ ಕಾಯಬೇಕು ಎಂದು ಹೇಳಿಲ್ಲ. ಎರಡನ್ನೂ ಒಂದೇ ಪುಸ್ತಕದಲ್ಲಿ ಹೇಗೆ ಹೊಂದಿಸಿಕೊಂಡರು ಎಂದು ನನಗೆ ಇವತ್ತಿಗೂ ಸ್ಪಷ್ಟವಿಲ್ಲ.

ಮಾತಿನಮಲ್ಲಿ
ನಡುವೆ ಬಾಯಿ ಹಾಕ್ತೀನಿ ಕ್ಷಮಿಸಿ. ಇಷ್ಟೆಲ್ಲ ಸ್ವಾತಂತ್ರ್ಯ ಮಾತಾಡಿದ ಈ ಮಹಾಶಯರು 35 ವರ್ಷ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸ ಮಾಡಿದವರು. 1823ರಿಂದ 1858. ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲಿ, ಈ ತತ್ವ ಮಕ್ಕಳಿಗೂ ಅನ್ವಯಿಸಲ್ಲ, 'ಅನಾಗರಿಕ'ರಿಗೂ ಅನ್ವಯಿಸಲ್ಲ, ಅವರಿಗೆ ಏಳಿಗೆ ಮಾಡೋ ನಿರಂಕುಶ ಆಡಳಿತವೇ ಸರಿ ಅಂತ ಬರೆದಿದಾರೆ. 'ಬೇರೆಯವರಿಗೆ ಹಾನಿ' ಅನ್ನೋದರಲ್ಲಿ ಆ 'ಬೇರೆಯವರು' ಯಾರು, ತಮ್ಮ ಒಳ್ಳೇದು ತಾವೇ ನೋಡ್ಕೊಳ್ಳೋ ಯೋಗ್ಯತೆ ಯಾರಿಗಿದೆ ಅಂತ ಬರೆಯೋ ಕೈಯಲ್ಲಿ ಪೆನ್ನು ಯಾರದ್ದು?

ಸೀದಾಸಾದಾ
ಅದಕ್ಕೂ ಇದಕ್ಕೂ ಏನು ಸಂಬಂಧ? ಹೇಳಿದವನು ಹೇಗಿದ್ದ ಅಂತ ನೋಡಿ ಮಾತು ತಳ್ಳಿಹಾಕೋದಾ?

ಮಾತಿನಮಲ್ಲಿ
ತಳ್ಳಿಹಾಕಿ ಅಂದ್ನಾ? ಅಳತೆಗೋಲು ಚೆನ್ನಾಗಿದೆ, ಆದ್ರೆ ಮಾಡಿದವರೇ ಎಲ್ಲರಿಗೂ ಹಿಡಿದು ನೋಡ್ಲಿಲ್ಲ ಅಂದೆ. ಗೇಟ್ ಹತ್ರ ನಿಂತಿದ್ದ ಆ ಹುಡುಗ ಗುಂಪಲ್ಲಿ ಸದಸ್ಯನೇ ಅಲ್ಲ, ಗಮನಿಸಿದ್ರಾ? ಅವನ ಬಗ್ಗೆ ಅರ್ಧ ಗಂಟೆ ಚರ್ಚೆ ನಡೆದಾಗ 'ನಾನಲ್ಲ' ಅಂತ ಬರೆಯೋಕೆ ಅವನಿಗೆ ಜಾಗವೇ ಇರಲಿಲ್ಲ. ಮೇಷ್ಟ್ರು ಹೇಳಿದ ಪತ್ರಿಕೆಯಲ್ಲಾದ್ರೂ ವ್ಯಾಪಾರಿ ನಾಳೆ ಉತ್ತರ ಬರೀಬಹುದು.

ಹಳೇಮೇಷ್ಟ್ರು
ಇದು ನನಗೆ ಹೊಳೆದಿರಲಿಲ್ಲ. ಹಾಗೆ ನೋಡಿದರೆ ಆ ಗುಂಪು 7.10ಕ್ಕಲ್ಲ, 6.55ಕ್ಕೇ ಬಾಗಿಲ ಮುಂದೆ ಬಂದು ನಿಂತಿತ್ತು. ಫೋಟೋ ಬಿದ್ದ ಗಳಿಗೆಯಲ್ಲಿ ಒಬ್ಬ ನಿರ್ದಿಷ್ಟ ಮನುಷ್ಯ, ಉತ್ತರ ಕೊಡಲಾಗದ ಜಾಗ, ಏರುತ್ತಿರುವ ಸಿಟ್ಟು, ಮೂರೂ ಸೇರಿದವು. ಕಾಲಿಗೆ ದಾರಿ ಮಾತ್ರ ಬಾಕಿ ಇತ್ತು.

ಗಡಿಬಿಡಿ
ಹಾಗಾದ್ರೆ ಅಡ್ಮಿನ್ ಅಕ್ಕ ಫೋಟೋ ಡಿಲೀಟ್ ಮಾಡ್ಬೇಕಿತ್ತು. ಆದ್ರೆ ಕಳ್ಳ ನಿಜವಾಗ್ಲೂ ಬಂದಾಗ ಫೋಟೋ ಹಾಕಿ ಎಚ್ಚರಿಸೋ ಹಾಗಿಲ್ವಾ? ನಮ್ಮ ಬೈಕ್ ಕದ್ದವನು ಸಿಕ್ಕಿದ್ದೇ ಫೋಟೋದಿಂದ. (ಹೆಲ್ಮೆಟ್ ಸಮೇತ ಕದ್ದಿದ್ದ.)

ವಕೀಲಮ್ಮ
😄 ಬಂತು ನೋಡಿ ಹೆಲ್ಮೆಟ್. ಫೋಟೋ ಪೊಲೀಸರಿಗೆ ಕೊಡೋದಕ್ಕೂ ಸಿಟ್ಟಾದ ಇನ್ನೂರು ಜನರಿಗೆ ಕೊಡೋದಕ್ಕೂ ವ್ಯತ್ಯಾಸ ಇದೆ ಸ್ವಾಮಿ. ಒಬ್ಬರ ಹತ್ತಿರ ವಿಚಾರಣೆ ಮಾಡೋ ಬಾಧ್ಯತೆ ಇದೆ, ಇನ್ನೊಬ್ಬರ ಹತ್ತಿರ ಬರೀ ಕೈ ಇದೆ.

ಮೂರನೇಬೆಂಚು
ಒಂದು ಅನುಮಾನ. ಮಿಲ್ ಹೇಳಿದ್ದು ಸರ್ಕಾರಕ್ಕೆ ತಾನೇ? ಅಕ್ಕ ಸರ್ಕಾರ ಅಲ್ಲ, ತಮ್ಮ ಗುಂಪಲ್ಲಿ ಏನು ಬೇಕಾದ್ರೂ ಅಳಿಸಬಹುದು.

ಹಳೇಮೇಷ್ಟ್ರು
ಅರ್ಧ ಸರಿ. ಮಿಲ್ ಅವರಿಗೆ ಸರ್ಕಾರಕ್ಕಿಂತ ಸಮಾಜದ ದಬ್ಬಾಳಿಕೆಯ ಭಯವೇ ಹೆಚ್ಚಿತ್ತು. ಕಾನೂನಿನಿಂದ ತಪ್ಪಿಸಿಕೊಳ್ಳಬಹುದು, ಅಕ್ಕಪಕ್ಕದವರ ಕಣ್ಣಿನಿಂದ ಆಗುವುದಿಲ್ಲ. ಆದರೆ ಒಬ್ಬನ ಸಹವಾಸ ಬೇಡ ಅಂದುಕೊಳ್ಳುವುದಕ್ಕೆ, ಇನ್ನೊಬ್ಬರಿಗೆ ಅವನ ಬಗ್ಗೆ ಎಚ್ಚರ ಹೇಳುವುದಕ್ಕೆ ನಮಗೆ ಹಕ್ಕಿದೆ ಎಂದೂ ನಾಲ್ಕನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಮೆರವಣಿಗೆ ಮಾಡಿ ದೂರ ಇಡುವ ಹಾಗಿಲ್ಲ, ಅಷ್ಟೇ.

ಗುಂಪಿನಯಜಮಾನಿ
ಎಲ್ಲರಿಗೂ ಧನ್ಯವಾದ. ಆಮೇಲೆ ನಾನು ಒಂದು ಬದಲಾವಣೆ ಮಾಡಿದೆ. ಯಾರಾದ್ರೂ ಒಬ್ಬ ವ್ಯಕ್ತಿಯ ಫೋಟೋನೋ ಹೆಸರೋ ಹಾಕಿ ದೂರು ಹೇಳಿದ್ರೆ ಗುಂಪನ್ನ ಒಂದು ಗಂಟೆ ಮುಚ್ಚಿಬಿಡ್ತೀನಿ, ಯಾರೂ ಏನೂ ಬರೆಯೋಕಾಗಲ್ಲ. ಡಿಲೀಟ್ ಮಾಡಲ್ಲ, ಸುಮ್ಮನೆ ಹೊತ್ತು ಕೊಡ್ತೀನಿ. ಮೇಷ್ಟ್ರು ಪತ್ರಿಕೆ ಓದೋನ ಹೊತ್ತು ಅಂದ್ರಲ್ಲ, ಆ ಥರ. ಈವರೆಗೆ ಎರಡು ಸಲ ಮಾಡಿದೀನಿ. ಒಂದು ಸಲ ಸಿಟ್ಟು ಇಳೀತು. ಇನ್ನೊಂದು ಸಲ ಅವರೆಲ್ಲ ಬೇರೆ ಗುಂಪು ಮಾಡ್ಕೊಂಡು ಅಲ್ಲಿ ಮಾತಾಡಿದ್ರು.

ಕಟ್ಟೆಪುರಾಣ
ಆ 6.40ರವರು ಈಗಲೂ ಗುಂಪಲ್ಲಿ ಇದಾರಾ?

ಗುಂಪಿನಯಜಮಾನಿ
ಇದಾರೆ. 'ಮೂವರಲ್ಲಿ ನನ್ನ ಮೆಸೇಜ್ ಒಂದೇ ಯಾಕೆ ಅಳಿಸಿದ್ರಿ, ನಾನು ಗೇಟಿಗೂ ಹೋಗಿರಲಿಲ್ಲ' ಅಂತ ಮೊನ್ನೆ ಕೂಡ ಲಿಫ್ಟಲ್ಲಿ ಕೇಳಿದ್ರು.